ಪಾಸ್ತಾ ಎಷ್ಟು ಒದಗುತ್ತೆ? ಸಾಸ್ ಕಲಸಿದ ತಟ್ಟೆಯ ಕ್ಯಾಲೊರಿ ಲೆಕ್ಕ

ಒಂದು ಶನಿವಾರ ರಾತ್ರಿ ನಾನು ಮತ್ತು ನಮ್ಮ ಯಜಮಾನರು ಒಂದೇ ಬಾಣಲೆಯಿಂದ ಪೆನ್ನೆ ಪಾಸ್ತಾ ಬಡಿಸಿಕೊಂಡೆವು. ತಿಂದದ್ದನ್ನೆಲ್ಲ ತೂಕ ಮಾಡಿ ಫೋನಿನಲ್ಲಿ ಬರೆದಿಡುವ ಅಭ್ಯಾಸ ಇಬ್ಬರಿಗೂ ಇದೆ. ನನ್ನ ತಟ್ಟೆಯಲ್ಲಿ 340 ಗ್ರಾಂ ಇತ್ತು, ಅವರ ತಟ್ಟೆಯಲ್ಲಿ 420. ಊಟ ಮುಗಿಸಿ ನೋಡಿದರೆ ನನ್ನ ಫೋನಿನಲ್ಲಿ ಪಾಸ್ತಾಗೆ 537 ಕ್ಯಾಲೊರಿ, ಅವರ ಫೋನಿನಲ್ಲಿ 1558. ತೂಕದಲ್ಲಿ ವ್ಯತ್ಯಾಸ ಬರೀ 80 ಗ್ರಾಂ. ಕ್ಯಾಲೊರಿಯಲ್ಲಿ ಮಾತ್ರ ಹತ್ತಿರ ಹತ್ತಿರ ಮೂರು ಪಟ್ಟು.

"ಏನ್ರೀ, ನೀವು ಯಾವುದನ್ನ ಆರಿಸಿದ್ರಿ?" ಅಂತ ಕೇಳಿದೆ. ಅವರು `Pasta, dry` ಒತ್ತಿದ್ದರು, ನಾನು `Pasta, cooked` ಒತ್ತಿದ್ದೆ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯಲ್ಲಿ ಒಣ ಪಾಸ್ತಾಗೆ 100 ಗ್ರಾಂಗೆ 371 ಕ್ಯಾಲೊರಿ, ಬೆಂದ ಪಾಸ್ತಾಗೆ 158. ಎರಡೂ ಸರಿಯಾದ ಅಂಕಿಗಳೇ. ಬೆಂದದ್ದನ್ನು ತೂಗಿ ಒಣದರ ಲೆಕ್ಕ ಹಾಕಿದ್ದು ತಪ್ಪು.

ಅದು ತಪ್ಪು ಅಂತ ಹೇಗೆ ಗೊತ್ತಾಯಿತು ಎಂದರೆ, ಪ್ಯಾಕೆಟ್‌ನಿಂದ ಅವತ್ತು ನಾನು ಹಾಕಿದ್ದು 300 ಗ್ರಾಂ ಪೆನ್ನೆ. ಪ್ಯಾಕೆಟ್ ಮೇಲೆ 100 ಗ್ರಾಂಗೆ 355 ಅಂತ ಬರೆದಿತ್ತು. ಅಂದರೆ ಇಡೀ ಬಾಣಲೆಯ ಪಾಸ್ತಾದಲ್ಲಿ ಇದ್ದದ್ದೇ 1065 ಕ್ಯಾಲೊರಿ. ಒಂದು ತಟ್ಟೆಯಲ್ಲಿ 1558 ಬರಲು ಸಾಧ್ಯವೇ ಇಲ್ಲ, ಅಲ್ವಾ? ಇವತ್ತಿಗೂ ನಾನು ಮೊದಲು ಮಾಡುವ ಪರೀಕ್ಷೆ ಇದೇ. ಎಲ್ಲರ ತಟ್ಟೆಯ ಮೊತ್ತ, ಉಳಿದದ್ದೂ ಸೇರಿ, ಬಾಣಲೆಗೆ ಹಾಕಿದ್ದಕ್ಕಿಂತ ಜಾಸ್ತಿ ಬಂದರೆ ಎಲ್ಲೋ ತಪ್ಪಿದೆ ಎಂದೇ ಅರ್ಥ.

ನನ್ನ ಲೆಕ್ಕವೂ ಸರಿ ಇರಲಿಲ್ಲ. ನನ್ನ 340 ಗ್ರಾಂನಲ್ಲಿ ಟೊಮೆಟೊ, ಈರುಳ್ಳಿ, ಚೀಸ್ ಎಲ್ಲ ಇತ್ತು. ನಾನು ಅಷ್ಟನ್ನೂ ಪಾಸ್ತಾ ಅಂತಲೇ ಬರೆದಿದ್ದೆ. ಅದರ ಮೇಲೆ ಸಾಸ್‌ಗೆ ಬೇರೆ 150 ಸೇರಿಸಿದ್ದೆ. ಸಾಸನ್ನು ಎರಡು ಸಲ ಲೆಕ್ಕ ಹಾಕಿದಂತಾಯಿತು.

ನಮ್ಮ ಮಾತು ಕೇಳುತ್ತಿದ್ದ ಅತ್ತೆ, "ಅಕ್ಕಿ ಒದಗೋ ಹಾಗೇ ತಾನೇ ಇದೂ? ಹಳೇ ಅಕ್ಕಿ ಜಾಸ್ತಿ ಒದಗುತ್ತೆ, ಹೊಸ ಅಕ್ಕಿ ಕಮ್ಮಿ," ಅಂದರು. ಇಡೀ ವಿಷಯ ಆ ಒಂದು ಮಾತಿನಲ್ಲಿದೆ. ಪಾಸ್ತಾ ಒದಗುವುದು ನೀರು ಕುಡಿದು. ನೀರಿಗೆ ತೂಕ ಇದೆ, ಕ್ಯಾಲೊರಿ ಇಲ್ಲ. 100 ಗ್ರಾಂ ಪೆನ್ನೆ ಬೆಂದು 220 ಗ್ರಾಂ ಆದರೂ ಅದರಲ್ಲಿರುವುದು ಅದೇ 355 ಕ್ಯಾಲೊರಿ. ಬಸಿದ ಗಂಜಿಯಲ್ಲಿ ಒಂದಿಷ್ಟು ಪಿಷ್ಟ ಹೋಗುತ್ತದೆ, ನಿಜ. ಅದು ಕೆಲವೇ ಗ್ರಾಂ, ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಾಗಾದರೆ ನಮ್ಮ ಮನೆಯ ಪೆನ್ನೆ ಎಷ್ಟು ಒದಗುತ್ತೆ? ಒಂದು ಭಾನುವಾರ ಮೂರು ಸಲ ನೂರು ನೂರು ಗ್ರಾಂ ಬೇಯಿಸಿ ನೋಡಿದೆ. ಪ್ಯಾಕೆಟ್‌ನಲ್ಲಿ 11 ನಿಮಿಷ ಎಂದಿತ್ತು. 9 ನಿಮಿಷಕ್ಕೆ ತೆಗೆದದ್ದು 205 ಗ್ರಾಂ ಆಯಿತು. 11 ನಿಮಿಷದ್ದು 220. ಮಗಳಿಗೆ ಇಷ್ಟವಾಗುವ ಹಾಗೆ 14 ನಿಮಿಷ ಮೆತ್ತಗೆ ಬೇಯಿಸಿದ್ದು 245. ಒಂದೇ ಪ್ಯಾಕೆಟ್, ಒಂದೇ ಒಲೆ. ಆದರೆ ಬೆಂದ 100 ಗ್ರಾಂನಲ್ಲಿ ಮೊದಲನೆಯದಕ್ಕೆ 173 ಕ್ಯಾಲೊರಿ, ಕೊನೆಯದಕ್ಕೆ 145. ಪಟ್ಟಿಯಲ್ಲಿರುವ 158 ಇವೆರಡರ ನಡುವೆ ಎಲ್ಲೋ ಬರುತ್ತದೆ. 371 ಅನ್ನು 158ರಿಂದ ಭಾಗಿಸಿದರೆ 2.35 ಸಿಗುತ್ತದೆ. ಅಂದರೆ ಆ ಪಟ್ಟಿಯ ಪಾಸ್ತಾ ಅಷ್ಟು ಪಟ್ಟು ಒದಗಿದ ಪಾಸ್ತಾ. ನನ್ನದು 11 ನಿಮಿಷಕ್ಕೆ 2.2 ಪಟ್ಟು.

ಈ ತೂಕ ನೋಡುವಾಗ ಒಂದು ಎಚ್ಚರ ಬೇಕು. ಪೆನ್ನೆ ಕೊಳವೆಯ ಹಾಗಿರುವುದರಿಂದ ಒಳಗೆ ನೀರು ನಿಂತಿರುತ್ತದೆ. ಜಾಲರಿಯನ್ನು ಚೆನ್ನಾಗಿ ಕುಲುಕಿ, ಒಂದು ನಿಮಿಷ ಬಿಟ್ಟು ತೂಗಬೇಕು. ಮೊದಲ ಸಲ ನಾನು ಹಾಗೇ ತೂಗಿದ್ದೆ. ಆಮೇಲೆ ತಟ್ಟೆಯ ಅಡಿಯಲ್ಲಿ ನೀರು ಸೇರಿದ್ದು ಕಂಡು ಅದನ್ನು ಚೆಲ್ಲಿ ಮತ್ತೆ ತೂಗಿದರೆ 18 ಗ್ರಾಂ ಕಮ್ಮಿ ಆಗಿತ್ತು.

ಸಾಸ್ ಇಲ್ಲದ ಪಾಸ್ತಾ ಆದರೆ ಇಷ್ಟು ಗೊತ್ತಿದ್ದರೆ ಸಾಕು. ತಟ್ಟೆಯ ತೂಕವನ್ನು 2.2ರಿಂದ ಭಾಗಿಸಿದರೆ ಒಣ ತೂಕ ಬರುತ್ತದೆ, ಅದಕ್ಕೆ ಪ್ಯಾಕೆಟ್‌ನ ಅಂಕಿ ಹಾಕಿದರಾಯಿತು. ಆದರೆ ಸಾಸ್‌ಗೆ ಹಾಕಿ ಕಲಸಿದ ಮೇಲೆ ಆ 2.2 ಕೆಲಸಕ್ಕೆ ಬರುವುದಿಲ್ಲ. ಪಾಸ್ತಾ ಬಾಣಲೆಯಲ್ಲೂ ಸಾಸ್‌ನ ನೀರನ್ನು ಕುಡಿಯುತ್ತಲೇ ಇರುತ್ತದೆ. ತಟ್ಟೆಯಲ್ಲಿ ಪಾಸ್ತಾ ಎಷ್ಟು, ಸಾಸ್ ಎಷ್ಟು ಅಂತ ಬೇರೆ ಮಾಡಿ ತೂಗಲು ಆಗುವುದಿಲ್ಲ. ನಾನು ಕೆಲವು ಸಲ ಪೆನ್ನೆಗಳನ್ನು ಆರಿಸಿ ತೂಗಲೂ ನೋಡಿದೆ. ಸಾಸ್ ಅಂಟಿಕೊಂಡೇ ಬರುತ್ತದೆ.

ಅದಕ್ಕೆ ತಟ್ಟೆಯನ್ನು ಬಿಟ್ಟು ಬಾಣಲೆಯನ್ನು ತೂಗಲು ಶುರು ಮಾಡಿದೆ. ಹಾಕುವ ಪ್ರತಿಯೊಂದನ್ನೂ ಹಸಿಯಾಗಿ, ಒಣದಾಗಿ ಇರುವಾಗಲೇ ತೂಗಿ ಬರೆಯುತ್ತೇನೆ. ಅಡುಗೆ ಮುಗಿದ ಮೇಲೆ ಇಡೀ ಬಾಣಲೆಯನ್ನು ತೂಗುತ್ತೇನೆ. ನನ್ನ ತಟ್ಟೆ ಅದರಲ್ಲಿ ಎಷ್ಟು ಪಾಲೋ, ಕ್ಯಾಲೊರಿಯಲ್ಲೂ ನನಗೆ ಅಷ್ಟೇ ಪಾಲು.

ಕಳೆದ ತಿಂಗಳು ಮಾಡಿದ್ದನ್ನೇ ಹೇಳುತ್ತೇನೆ. ಪೆನ್ನೆ 300 ಗ್ರಾಂ, 1065 ಕ್ಯಾಲೊರಿ. ಟೊಮೆಟೊ ಅರ್ಧ ಕಿಲೋ, 90. ಈರುಳ್ಳಿ 150 ಗ್ರಾಂ, 60. ದಪ್ಪ ಮೆಣಸಿನಕಾಯಿ 100 ಗ್ರಾಂ, 25. ಬೆಳ್ಳುಳ್ಳಿ 15 ಗ್ರಾಂ, 22. ಎಣ್ಣೆ 30 ಗ್ರಾಂ, 270. ಚೀಸ್ 60 ಗ್ರಾಂ, ಪ್ಯಾಕೆಟ್ ಪ್ರಕಾರ 186. ಎಲ್ಲ ಸೇರಿ 1718.

ಖಾಲಿ ಬಾಣಲೆ 1140 ಗ್ರಾಂ ಇದೆ. ಅದನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ, ಯಾಕೆಂದರೆ ಅಡುಗೆ ಆದ ಮೇಲೆ ಖಾಲಿ ಬಾಣಲೆ ತೂಗಲು ಆಗುವುದಿಲ್ಲ. ಅವತ್ತು ಒಲೆಯಿಂದ ಇಳಿಸಿ ತೂಗಿದಾಗ 2390 ಬಂತು. 1140 ಕಳೆದರೆ 1250 ಗ್ರಾಂ ಪಾಸ್ತಾ. ಟೊಮೆಟೊದ ನೀರು ಆವಿಯಾಗಿ ಹೋಗಿತ್ತು, ಸಾಸ್ ಗಟ್ಟಿಯಾಯಿತು ಅಂತ ಒಂದು ಲೋಟದಷ್ಟು ಪಾಸ್ತಾ ಬಸಿದ ನೀರನ್ನೂ ಹಾಕಿದ್ದೆ. ಯಾವುದನ್ನೂ ನಾನು ಅಳೆದಿರಲಿಲ್ಲ, ಅಳೆಯುವ ಅಗತ್ಯವೂ ಇಲ್ಲ. ನೀರು ಎಷ್ಟೇ ಬಂದು ಹೋದರೂ ಕೊನೆಯ ತೂಕದಲ್ಲಿ ಅದು ತಾನಾಗೇ ಸೇರಿರುತ್ತದೆ.

1718 ಅನ್ನು 1250ರಿಂದ ಭಾಗಿಸಿದರೆ ಗ್ರಾಂಗೆ 1.374 ಕ್ಯಾಲೊರಿ. ನನ್ನ 340 ಗ್ರಾಂ ತಟ್ಟೆಗೆ 467. ಅದರಲ್ಲಿ ಒಣ ಪಾಸ್ತಾ ಎಷ್ಟು ಅಂತ ಬೇಕಾದರೆ ಅದೇ ಪಾಲು ಸಾಕು. 340 ಭಾಗಿಸು 1250, ಅದನ್ನು 300ರಿಂದ ಗುಣಿಸಿದರೆ ಸುಮಾರು 82 ಗ್ರಾಂ. ಯಜಮಾನರು 420, ಮಗಳು 240 ಬಡಿಸಿಕೊಂಡರು, 250 ಉಳಿಯಿತು. ಕೂಡಿಸಿದರೆ ಸರಿಯಾಗಿ 1250.

ಫೋನಿನಲ್ಲಿ ಇದನ್ನು ಸೇರಿಸಲು ಒಂದು ಸುಲಭದ ದಾರಿ ಇದೆ. ಎಲ್ಲ ಸಾಮಾನನ್ನೂ ಒಂದು ರೆಸಿಪಿಯಾಗಿ ಬರೆದು, ಎಷ್ಟು ಜನಕ್ಕೆ ಎಂದು ಕೇಳುವ ಕಡೆ 4 ಅಂತ ಹಾಕದೆ 1250 ಅಂತ ಹಾಕುತ್ತೇನೆ. ಆಗ ಒಂದು ಪಾಲು ಎಂದರೆ ಒಂದು ಗ್ರಾಂ. ತಟ್ಟೆ 340 ಗ್ರಾಂ ಇದ್ದರೆ 340 ಪಾಲು. ಪಾಸ್ತಾವನ್ನು ಮಾತ್ರ `dry` ಅಂತಲೇ ಹಾಕಬೇಕು, ಯಾಕೆಂದರೆ ನಾನು ತೂಗಿದ್ದು ಒಣಗಿದ್ದಾಗ.

ಈ ಲೆಕ್ಕದಲ್ಲಿ ನಾನು ಜಾಸ್ತಿ ತಪ್ಪಿದ್ದು ಪಾಸ್ತಾದಲ್ಲಿ ಅಲ್ಲ, ಎಣ್ಣೆಯಲ್ಲಿ. ಸುಮ್ನೆ ಬಾಟಲಿಯಿಂದ ಸುರಿದು "ಎರಡು ಚಮಚ ಇರಬಹುದು" ಅಂತ 30 ಗ್ರಾಂ ಬರೆಯುತ್ತಿದ್ದೆ. ಒಂದು ದಿನ ಸುರಿಯುವ ಮೊದಲು ಮತ್ತು ಆಮೇಲೆ ಬಾಟಲಿಯನ್ನೇ ತೂಗಿ ನೋಡಿದೆ. 42 ಗ್ರಾಂ ಹೋಗಿತ್ತು. ಆ 12 ಗ್ರಾಂಗೆ 108 ಕ್ಯಾಲೊರಿ. ಒಣ ಪಾಸ್ತಾ ತೂಗುವಾಗ 10 ಗ್ರಾಂ ತಪ್ಪಿದರೆ ಹೋಗುವುದು 35 ಮಾತ್ರ. ಈಗ ಬಾಟಲಿಯನ್ನು ತಕ್ಕಡಿ ಮೇಲೆ ಇಟ್ಟು, ಸೊನ್ನೆ ಮಾಡಿ, ಎತ್ತಿ ಸುರಿದು, ಮತ್ತೆ ಇಡುತ್ತೇನೆ. ಎಷ್ಟು ಕಮ್ಮಿ ಆಯಿತೋ ಅದೇ ಎಣ್ಣೆ.

ಚೀಸ್ ಇನ್ನೊಂದು ತೊಂದರೆ. ಪಾಲಿನ ಲೆಕ್ಕ ಸರಿಯಾಗಬೇಕಾದರೆ ಬಾಣಲೆಯಲ್ಲಿ ಎಲ್ಲ ಕಡೆ ಒಂದೇ ಸಮ ಇರಬೇಕು. ಮೇಲೆ ತುರಿದ ಚೀಸ್ ಮೊದಲು ಬಡಿಸಿಕೊಂಡವರ ತಟ್ಟೆಗೇ ಹೋಗುತ್ತದೆ, ನಮ್ಮ ಮನೆಯಲ್ಲಿ ಅದು ಮಗಳು. ಹಾಗಾಗಿ ಈಗ ಚೀಸನ್ನು ಬಾಣಲೆಗೆ ಹಾಕುವುದೇ ಇಲ್ಲ. ತಟ್ಟೆಯನ್ನು ತಕ್ಕಡಿಯ ಮೇಲೆ ಇಟ್ಟುಕೊಂಡೇ ಅವರವರು ತುರಿದುಕೊಂಡು ಬೇರೆಯಾಗಿ ಬರೆಯುತ್ತೇವೆ. ಕೋಳಿ ಅಥವಾ ಪನೀರ್ ತುಂಡು ಹಾಕಿದ ದಿನವೂ ಹೀಗೇ. ತುಂಡುಗಳನ್ನು ಪಕ್ಕದಲ್ಲಿ ಇಟ್ಟು ಎಣಿಸಿ ಹಂಚುವುದು ಮೇಲು.

ಉಳಿದ ಪಾಸ್ತಾದಲ್ಲೂ ಒಮ್ಮೆ ಎಡವಿದೆ. ಆ 250 ಗ್ರಾಂ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟಿದ್ದೆ. ಬೆಳಿಗ್ಗೆ ಗಟ್ಟಿಯಾಗಿತ್ತು ಅಂತ ಸ್ವಲ್ಪ ನೀರು ಹಾಕಿ ಬಿಸಿ ಮಾಡಿದೆ. ತೂಗಿದರೆ 290 ಗ್ರಾಂ. ಅದನ್ನೇ 1.374ರಿಂದ ಗುಣಿಸಿ 398 ಬರೆದೆ. ನಿಜವಾಗಿ ಡಬ್ಬಿಯಲ್ಲಿದ್ದದ್ದು 344. ಮಧ್ಯದ 54 ಬರೀ ನೀರು. ಈಗ ಡಬ್ಬಿಗೆ ಹಾಕುವಾಗಲೇ ಮುಚ್ಚಳದ ಮೇಲೆ ಟೇಪು ಹಚ್ಚಿ "344" ಅಂತ ಬರೆದುಬಿಡುತ್ತೇನೆ. ಇಬ್ಬರು ಹಂಚಿಕೊಂಡರೆ ಬಿಸಿ ಮಾಡಿದ ಮೇಲಿನ ತೂಕದಲ್ಲಿ ಅವರವರ ಪಾಲು ನೋಡಿ ಆ 344 ಅನ್ನೇ ಹಂಚುತ್ತೇನೆ.

ಬೇರೆಯವರ ಮನೆಯಲ್ಲಿ ತಕ್ಕಡಿ ಇರುವುದಿಲ್ಲ, ಇದ್ದರೂ ಕೇಳುವುದು ಚೆನ್ನಾಗಿರುವುದಿಲ್ಲ. ಮೊನ್ನೆ ನಾದಿನಿ ಮನೆಗೆ ಊಟಕ್ಕೆ ಹೋದಾಗ, "ಎಷ್ಟು ಪ್ಯಾಕೆಟ್ ಹಾಕಿದ್ಯಮ್ಮ?" ಅಂತ ಮಾತ್ರ ಕೇಳಿದೆ. ಅರ್ಧ ಕಿಲೋದ ಒಂದು ಪ್ಯಾಕೆಟ್, ಆರು ಜನ, ಏನೂ ಉಳಿಯಲಿಲ್ಲ. ನಾನು ಎಲ್ಲರಷ್ಟೇ ತಿಂದಿದ್ದೆ. 500 ಭಾಗಿಸು 6, ಸುಮಾರು 83 ಗ್ರಾಂ ಒಣ ಪಾಸ್ತಾ, 295 ಕ್ಯಾಲೊರಿ. ಅವಳದ್ದು ಬೆಣ್ಣೆ, ಕ್ರೀಮ್ ಹಾಕಿದ ಬಿಳಿ ಸಾಸ್. ಅದಕ್ಕೆ ಎಷ್ಟು ಬೆಣ್ಣೆ ಹಾಕಿದಳು ಅಂತಲೂ ಕೇಳಿ, ಅದನ್ನೂ ಆರರಿಂದ ಭಾಗಿಸಿ ಬರೆದುಕೊಂಡೆ.