ಎಡಗಡೆಯ ಸಾಲುಗಳು ಕಾಣದ ಫೋಟೋ

ಬಿಲ್ ಶಾಖೆಯಲ್ಲಿ ಇಪ್ಪತ್ತೆರಡು ವರ್ಷ ಕೂತು ನಿವೃತ್ತನಾದವನು ನಾನು. ಕಲಬುರಗಿಯ ನಮ್ಮ ಓಣಿಯಲ್ಲಿ ಯಾರಿಗೆ ಪಗಾರ ಚೀಟಿ ಅರ್ಥವಾಗದಿದ್ದರೂ ಅದರ ಫೋಟೋ ನನ್ನ ಮೊಬೈಲಿಗೆ ಬಂದು ಬೀಳುತ್ತದೆ. ಕೆಳಗೆ ಒಂದೇ ಸಾಲು ಇರುತ್ತದೆ: "ಕಾಕಾ, ಪಗಾರ ಯಾಕೆ ಕಡಿಮೆ ಬಂದಿದೆ?"

ಮೊದಮೊದಲು ನಾನು ಚೀಟಿಯ ಮೊದಲ ಸಾಲಿನಿಂದ ಶುರುಮಾಡಿ ಕೊನೆಯ ಸಾಲಿನವರೆಗೆ ವಿವರಿಸುತ್ತಿದ್ದೆ. ಮೂಲ ವೇತನ ಎಂದರೇನು, ತುಟ್ಟಿಭತ್ಯೆ ಯಾವಾಗ ಏರುತ್ತದೆ, ಪಿಂಚಣಿಯ ಪಾಲು ಎಲ್ಲಿಗೆ ಹೋಗುತ್ತದೆ ಎಂದೆಲ್ಲ ಧ್ವನಿ ಸಂದೇಶದಲ್ಲಿ ಹೇಳುತ್ತಿದ್ದೆ. ಒಮ್ಮೆ ಹನ್ನೊಂದು ನಿಮಿಷ ಮಾತನಾಡಿದ ಮೇಲೆ ಆ ಕಡೆಯಿಂದ ಬಂದ ಉತ್ತರ, "ಸರಿ ಕಾಕಾ, ಆದರೆ ಯಾಕೆ ಕಡಿಮೆ?" ಅಂದಿನಿಂದ ನಾನು ಮೊದಲು ಮರುಪ್ರಶ್ನೆ ಹಾಕುತ್ತೇನೆ: ಯಾವುದಕ್ಕಿಂತ ಕಡಿಮೆ? ಹೋದ ತಿಂಗಳಿಗಿಂತಲೋ, ಚೀಟಿಯ ಮೇಲಿರುವ ಒಟ್ಟು ವೇತನಕ್ಕಿಂತಲೋ, ಕೆಲಸಕ್ಕೆ ಸೇರುವಾಗ ಬಾಯಿಮಾತಿನಲ್ಲಿ ಹೇಳಿದ್ದಕ್ಕಿಂತಲೋ? ಚೀಟಿ ಒಂದೇ ಆದರೂ ಈ ಮೂರಕ್ಕೆ ನೋಡಬೇಕಾದ ಸಾಲುಗಳು ಬೇರೆ ಬೇರೆ.

2025ರ ಮೇ ತಿಂಗಳಲ್ಲಿ ಬಂದ ಫೋಟೋ ಒಂದರ ಬಗ್ಗೆ ಇಲ್ಲಿ ಬರೆಯುತ್ತೇನೆ. ಕಳಿಸಿದವಳು ನಮ್ಮ ಪಕ್ಕದ ಮನೆಯವರ ಮಗಳು. ಯಾದಗಿರಿ ಜಿಲ್ಲೆಯ ಒಂದು ತಾಲ್ಲೂಕು ಮಟ್ಟದ ಕಚೇರಿಯಲ್ಲಿ ಹೊರಗುತ್ತಿಗೆಯ ಮೇಲೆ ಡೇಟಾ ಎಂಟ್ರಿ ಕೆಲಸ ಮಾಡುತ್ತಾಳೆ. ಕೆಲಸ ಸರ್ಕಾರಿ ಕಚೇರಿಯದ್ದು, ಪಗಾರ ಕೊಡುವುದು ಏಜೆನ್ಸಿ. ಮರುಪ್ರಶ್ನೆಗೆ ಅವಳ ಉತ್ತರ ಸ್ಪಷ್ಟವಾಗಿತ್ತು: ಹೋದ ತಿಂಗಳು 14,140 ರೂಪಾಯಿ ಜಮೆಯಾಗಿತ್ತು, ಈ ಸಲ 11,735. ರಜೆ ಹಾಕಿಲ್ಲ. ಚೀಟಿಯಲ್ಲಿ ಹಾಜರಾದ ದಿನ 26ಕ್ಕೆ 26 ಎಂದೇ ಇತ್ತು. ಪಗಾರ ಕಡಿಮೆಯಾದ ಹತ್ತು ಚೀಟಿಗಳಲ್ಲಿ ಐದಾರರ ಉತ್ತರ ಆ ಹಾಜರಿಯ ಸಾಲಿನಲ್ಲೇ ಮುಗಿದುಹೋಗುವುದರಿಂದ ಅದನ್ನೇ ಮೊದಲು ನೋಡುವುದು ನನ್ನ ರೂಢಿ. ಇಲ್ಲಿ ಅದು ಕೆಲಸಕ್ಕೆ ಬರಲಿಲ್ಲ. ಅವಳು ಇನ್ನೊಂದು ಮಾತು ಸೇರಿಸಿದಳು: ಏಪ್ರಿಲ್‌ನಿಂದ ಏಜೆನ್ಸಿ ಬದಲಾಗಿದೆ.

ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಚೀಲದಲ್ಲಿಟ್ಟುಕೊಂಡು ಬಂದಿದ್ದಳೆಂದು ತೋರುತ್ತದೆ. ಮಡಿಕೆಯ ಗೆರೆ ಸರಿಯಾಗಿ ಕಡಿತಗಳ ಸಾಲಿನ ಮೇಲೆ ಹಾದುಹೋಗಿತ್ತು. ಮೊಬೈಲಿನ ನೆರಳು ಎಡಗಡೆಯ ಕಾಲಂ ಮೇಲೆ ಬಿದ್ದಿತ್ತು. ಗಳಿಕೆಯ ಕಾಲಂನಲ್ಲಿ ಮೂರು ಸಾಲುಗಳು ಕಂಡವು: ಮೂಲ ವೇತನ 10,400, ತುಟ್ಟಿಭತ್ಯೆ 4,100, ಮನೆ ಬಾಡಿಗೆ ಭತ್ಯೆ 1,500. ಅದರ ಕೆಳಗೆ ಏನಿದೆಯೋ ಕತ್ತಲು. ಕಡಿತದ ಕಾಲಂನಲ್ಲಿ ಪಿಎಫ್ 3,625 ಅಥವಾ 3,525; ಮಡಿಕೆಯ ಗೆರೆ ಆ ಅಂಕಿಯ ನಡುವೆಯೇ ಇತ್ತು. ಆರೋಗ್ಯ ವಿಮೆಯ ಇಎಸ್‌ಐ 640. ವೃತ್ತಿ ತೆರಿಗೆಯ ಎದುರು ಸೊನ್ನೆ. ಅದು ಸರಿ. ತಿಂಗಳ ಸಂಬಳ 25,000 ಮುಟ್ಟದವರಿಗೆ ನಮ್ಮ ರಾಜ್ಯದಲ್ಲಿ ಆ ತೆರಿಗೆ ಇಲ್ಲ.

ಪಿಎಫ್ ಸಾಲಿನ ಅಂಕಿ ನೋಡಿದ ಕೂಡಲೇ ನನಗೆ ಎರಡು ವರ್ಷದ ಹಿಂದಿನ ಅವಮಾನ ನೆನಪಾಯಿತು. ಆಗ ಹಾಸ್ಟೆಲೊಂದರಲ್ಲಿ ಕಾವಲುಗಾರನಾಗಿದ್ದ ಹುಡುಗನೊಬ್ಬ ಇಂಥದ್ದೇ ಫೋಟೋ ಕಳಿಸಿದ್ದ. ಕಡಿತದಲ್ಲಿ ಪಿಎಫ್ ದೊಡ್ಡದಾಗಿ ಕಂಡಿತು. ನಾನು ಹಿಂದೆ ಮುಂದೆ ನೋಡದೆ, "ಮಾಲೀಕರ ಪಾಲನ್ನೂ ನಿನ್ನ ಪಗಾರದಿಂದಲೇ ಹಿಡಿದಿದ್ದಾರೆ, ಹೋಗಿ ಕೇಳು" ಎಂದುಬಿಟ್ಟೆ. ಹುಡುಗ ಹೋಗಿ ಜಗಳ ಮಾಡಿದ. ಏಜೆನ್ಸಿಯವನು ಚೀಟಿಯ ಎಡಭಾಗ ತೋರಿಸಿದ. ಅಲ್ಲಿ ಗಳಿಕೆಯ ಕಾಲಂನಲ್ಲೇ "ಮಾಲೀಕರ ಪಿಎಫ್", "ಮಾಲೀಕರ ಇಎಸ್‌ಐ" ಎಂಬ ಎರಡು ಸಾಲುಗಳಿದ್ದವು. ಆ ಹಣವನ್ನು ಎಡಗಡೆ ಕೂಡಿಸಿ ಬಲಗಡೆ ಕಳೆದಿದ್ದರು, ಅಷ್ಟೇ. ಹುಡುಗನ ಜೇಬಿನಿಂದ ಒಂದು ಪೈಸೆಯೂ ಹೆಚ್ಚಿಗೆ ಹೋಗಿರಲಿಲ್ಲ. ಫೋಟೋದಲ್ಲಿ ಆ ಎರಡು ಸಾಲುಗಳು ಬಿಟ್ಟುಹೋಗಿದ್ದವು.

ಆ ಅರ್ಧ ಫೋಟೋದಲ್ಲೇ ಸತ್ಯ ಇತ್ತೆಂಬುದು ಆಮೇಲೆ ಹೊಳೆಯಿತು. ಕಂಡ ಗಳಿಕೆಯ ಸಾಲುಗಳ ಮೊತ್ತ 15,000. ಒಟ್ಟು ಕಡಿತ 4,101. ಕೈಗೆ ಬಂದದ್ದು 13,207. ಕೊನೆಯ ಎರಡನ್ನು ಕೂಡಿಸಿದರೆ 17,308 ಆಗುತ್ತದೆ. ಎಂದರೆ ಕಾಣದ 2,308 ರೂಪಾಯಿ ಎಡಗಡೆ ಎಲ್ಲೋ ಇರಲೇಬೇಕು. ಒಂದು ಕೂಡಿಕೆ ಮಾಡಿದ್ದರೆ ಜಗಳ ತಪ್ಪುತ್ತಿತ್ತು. ಇಪ್ಪತ್ತೆರಡು ವರ್ಷ ಬಿಲ್ ಬರೆದವನು ಮೇಲಿಂದ ಕೆಳಗೆ ಓದುವುದನ್ನಷ್ಟೇ ಕಲಿತಿದ್ದೆ. ಫೋಟೋವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು.

ಈ ಹುಡುಗಿಯ ಚೀಟಿಗೂ ಅದನ್ನೇ ಮಾಡಿದೆ. ಬ್ಯಾಂಕಿಗೆ ಜಮೆಯಾದ 11,735ಕ್ಕೆ ಒಟ್ಟು ಕಡಿತ 4,265 ಸೇರಿಸಿದರೆ ಸರಿಯಾಗಿ 16,000. ಕಂಡ ಮೂರು ಗಳಿಕೆಗಳ ಮೊತ್ತವೂ 16,000. ನೆರಳಿನಲ್ಲಿ ಏನೂ ಅಡಗಿರಲಿಲ್ಲ. ಒಟ್ಟು ಕಡಿತದಿಂದ ಇಎಸ್‌ಐ 640 ತೆಗೆದರೆ ಪಿಎಫ್ 3,625 ಎಂಬುದೂ ಖಚಿತವಾಯಿತು.

ಇನ್ನು ಆ ಎರಡು ಕಡಿತಗಳನ್ನು ಅಳೆಯಬೇಕು. ಇಲ್ಲಿ ಭತ್ಯೆಗಳು ಕೆಲಸಕ್ಕೆ ಬರುತ್ತವೆ. ಪಿಎಫ್ ಲೆಕ್ಕಕ್ಕೆ ಮೂಲ ವೇತನ ಮತ್ತು ತುಟ್ಟಿಭತ್ಯೆ ಹಿಡಿಯುತ್ತಾರೆ, ಮನೆ ಬಾಡಿಗೆ ಭತ್ಯೆಯನ್ನು ಬಿಡುತ್ತಾರೆ. ಇಎಸ್‌ಐಗೆ ಆಗ ಬಾಡಿಗೆ ಭತ್ಯೆಯೂ ಸೇರುತ್ತಿತ್ತು. ಹಾಗಾಗಿ 3,625ನ್ನು 14,500ರಿಂದ ಭಾಗಿಸಬೇಕು, 640ನ್ನು 16,000ದಿಂದ. ಒಂದು ಶೇ. 25 ಬಂತು, ಇನ್ನೊಂದು ಶೇ. 4. ಇಷ್ಟು ಗುಂಡಗಿನ ಅಂಕಿಗಳು ಬಂದರೆ ಫೋಟೋ ಓದಿದ್ದು ಸರಿಯಾಗಿದೆ ಎಂದು ಧೈರ್ಯವಾಗುತ್ತದೆ. ಎಲ್ಲವನ್ನೂ 16,000ದಿಂದಲೇ ಭಾಗಿಸಿದ್ದರೆ ಪಿಎಫ್ ಶೇ. 22.7 ಎಂದು ಬಂದು ದಾರಿ ತಪ್ಪುತ್ತಿತ್ತು.

ನೌಕರರಿಂದ ಹಿಡಿಯಬೇಕಾದದ್ದು ಪಿಎಫ್ ಶೇ. 12, ಇಎಸ್‌ಐ ಶೇ. 0.75. ಇವಳ ಪಗಾರಕ್ಕೆ 1,740 ಮತ್ತು 120. ಮಾಲೀಕರು ತಮ್ಮ ಕೈಯಿಂದ ಕಟ್ಟಬೇಕಾದದ್ದು ಪಿಎಫ್ ಶೇ. 12, ಅದರ ಮೇಲೆ ಆಡಳಿತ ವೆಚ್ಚ ಮತ್ತು ವಿಮೆಗೆಂದು ಶೇ. 1, ಇಎಸ್‌ಐ ಶೇ. 3.25. ಅದು 1,885 ಮತ್ತು 520. ಎರಡೂ ಸೇರಿ 2,405. ಹೋದ ತಿಂಗಳ 14,140ರಿಂದ ಈ ತಿಂಗಳ 11,735 ಕಳೆದರೆ ಎಷ್ಟು? ಅದೇ 2,405. ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆಯಿಲ್ಲ.

ಅವಳಿಗೆ ನಾನು ಬರೆದದ್ದು ಇಷ್ಟು: "ನಿನ್ನ ಪಗಾರ ಇಳಿದಿಲ್ಲ, ಒಟ್ಟು 16,000 ಹಾಗೆಯೇ ಇದೆ. ನಿನ್ನಿಂದ 1,860 ಹಿಡಿಯಬೇಕಿತ್ತು, 4,265 ಹಿಡಿದಿದ್ದಾರೆ. ಹೆಚ್ಚಿಗೆ ಹಿಡಿದ 2,405 ಏಜೆನ್ಸಿ ತಾನು ಕಟ್ಟಬೇಕಾದ ಪಾಲು. ಅದನ್ನು ಕೆಲಸಗಾರರ ಪಗಾರದಿಂದ ಹಿಡಿಯುವುದಕ್ಕೆ ಪಿಎಫ್ ಕಾನೂನೂ ಇಎಸ್‌ಐ ಕಾನೂನೂ ಒಪ್ಪುವುದಿಲ್ಲ." ಪಿಂಚಣಿಗೆ ಎಷ್ಟು ಹೋಗುತ್ತದೆ, ಬಡ್ಡಿ ಎಷ್ಟು ಎಂಬುದನ್ನು ಬರೆಯಲಿಲ್ಲ. ಅವಳು ಅದನ್ನು ಕೇಳಿರಲಿಲ್ಲ. ಆದರೆ ಕೇಳದ ಒಂದು ಮಾತು ಸೇರಿಸಿದೆ: ಮುಂದಿನ ಸಲ ಫೋಟೋ ಕಳಿಸುವಾಗ ಬ್ಯಾಂಕ್ ಖಾತೆಯ ಸಂಖ್ಯೆ, ಪಿಎಫ್‌ನ ಯುಎಎನ್ ಸಂಖ್ಯೆಗಳ ಮೇಲೆ ಒಂದು ಕಾಗದದ ಚೂರು ಇಡು, ನನಗೆ ಅವು ಬೇಕಿಲ್ಲ.

ಅರ್ಧ ಗಂಟೆಯಲ್ಲಿ ಅವಳು ಪಿಎಫ್ ಪಾಸ್‌ಬುಕ್ಕಿನ ಚಿತ್ರ ಕಳಿಸಿದಳು. "ಕಾಕಾ, ಇದರಲ್ಲಿ ನನ್ನ ಪಾಲು 1,740, ಮಾಲೀಕರ ಪಾಲು 532, ಪಿಂಚಣಿ 1,208 ಎಂದು ಬೇರೆ ಬೇರೆಯಾಗಿ ಬಂದಿದೆ. ಅವರೇ ಕಟ್ಟಿದ್ದಾರಲ್ಲವೇ?" ಬಹಳ ಜನ ಇಲ್ಲಿಗೇ ಸಮಾಧಾನಪಟ್ಟುಕೊಂಡು ಬಿಟ್ಟುಬಿಡುತ್ತಾರೆ. 532 ಮತ್ತು 1,208 ಕೂಡಿಸಿದರೆ 1,740, ಮಾಲೀಕರ ಶೇ. 12 ಪೂರ್ತಿ ಜಮೆಯಾಗಿದೆ, ನಿಜ. ಆದರೆ ಆ ಹಣ ಯಾರ ಕಿಸೆಯಿಂದ ಬಂತೆಂದು ಪಾಸ್‌ಬುಕ್ ಹೇಳುವುದಿಲ್ಲ. ಹಣ ಕಟ್ಟಿದ್ದಾರೆಯೇ ಎಂಬುದಕ್ಕೆ ಪಾಸ್‌ಬುಕ್ ಸಾಕ್ಷಿ. ಯಾರ ಹಣ ಎಂಬುದಕ್ಕೆ ಸಾಕ್ಷಿ ಆ ಮಡಿಚಿದ ಚೀಟಿ ಮಾತ್ರ. "ಅದನ್ನು ಎಸೆಯಬೇಡವ್ವಾ" ಎಂದು ಬರೆದೆ.

ಏಜೆನ್ಸಿಗೆ ನೇರವಾಗಿ ಫೋನ್ ಮಾಡಿ ಜಗಳಕ್ಕೆ ಇಳಿಯಬೇಡ ಎಂದೂ ಹೇಳಿದೆ. ಒಮ್ಮೆ ಕೈ ಸುಟ್ಟುಕೊಂಡವನ ಬುದ್ಧಿ. ಕಚೇರಿಯಲ್ಲಿ ಹೊರಗುತ್ತಿಗೆಯ ಕಡತ ನೋಡುವ ವಿಷಯ ನಿರ್ವಾಹಕರ ಹತ್ತಿರ ಏಜೆನ್ಸಿ ಪ್ರತಿ ತಿಂಗಳು ಕೊಡುವ ಬಿಲ್ ಇರುತ್ತದೆ. ಅದರಲ್ಲಿ ವೇತನ, ಅದರ ಮೇಲೆ ಮಾಲೀಕರ ಪಿಎಫ್, ಮಾಲೀಕರ ಇಎಸ್‌ಐ, ಸೇವಾ ಶುಲ್ಕ, ಜಿಎಸ್‌ಟಿ ಎಂದು ಸಾಲುಗಳು ಬೇರೆ ಬೇರೆ ಇರುತ್ತವೆ. ನಾನೇ ಅಂಥ ನೂರಾರು ಬಿಲ್ಲುಗಳನ್ನು ಪಾಸ್ ಮಾಡಿದ್ದೇನೆ. ಆ ಬಿಲ್ಲಿನಲ್ಲಿ ಅವಳ ಹೆಸರಿನ ಎದುರು 1,885 ಮತ್ತು 520 ಇದ್ದರೆ, ಕಚೇರಿ ಅದನ್ನು ಏಜೆನ್ಸಿಗೆ ಕೊಟ್ಟಾಗಿದೆ, ಏಜೆನ್ಸಿ ಅದನ್ನೇ ಅವಳಿಂದ ಎರಡನೇ ಸಲ ವಸೂಲು ಮಾಡಿದೆ ಎಂದರ್ಥ. ಇಲ್ಲದಿದ್ದರೆ ಟೆಂಡರಿನಲ್ಲೇ ಕಡಿಮೆ ದರ ಹಾಕಿದ್ದಾರೆಂದಾಗುತ್ತದೆ. ಆಗ ದಾರಿ ಉದ್ದವಾಗುತ್ತದೆ, ಕಲಬುರಗಿಯ ಪಿಎಫ್ ಕಚೇರಿಗೆ ಲಿಖಿತ ದೂರು ಕೊಡಬೇಕಾಗುತ್ತದೆ.

ಬಿಲ್ಲಿನಲ್ಲಿ ಎರಡೂ ಸಾಲುಗಳು ಇದ್ದವು. ಅವಳ ಜೊತೆಗೆ ಕೆಲಸ ಮಾಡುವ ಇನ್ನೂ ನಾಲ್ವರ ಚೀಟಿಯಲ್ಲಿ ಅದೇ ಶೇ. 25 ಕಂಡಿತು. ಐವರೂ ಸಹಿ ಮಾಡಿ ತಮ್ಮ ಚೀಟಿಗಳ ಪ್ರತಿ ಲಗತ್ತಿಸಿ ಕಚೇರಿಯ ಮುಖ್ಯಸ್ಥರಿಗೆ ಅರ್ಜಿ ಕೊಟ್ಟರು. ಏಜೆನ್ಸಿ ಕೊಟ್ಟ ಕಾರಣ, ಸಾಫ್ಟ್‌ವೇರಿನಲ್ಲಿ ದರ ತಪ್ಪಾಗಿ ತುಂಬಿತ್ತು ಎಂದು. ಐದೂ ಜನರಿಗೆ ಒಂದೇ ತಪ್ಪು, ಅದೂ ಏಜೆನ್ಸಿಗೆ ಲಾಭವಾಗುವ ಕಡೆಗೇ. ಇರಲಿ.

ಮುಂದಿನ ತಿಂಗಳ ಚೀಟಿಯಲ್ಲಿ ಪಿಎಫ್ 1,740, ಇಎಸ್‌ಐ 120, ಕೈಗೆ 14,140 ಬಂತು. ಹಿಂದಿನ 2,405 ಬರಲಿಲ್ಲ. ಅದಕ್ಕೆ ಇನ್ನೊಂದು ಅರ್ಜಿ ಬೇಕಾಯಿತು. ಜುಲೈನಲ್ಲಿ ಬಂದ ಚೀಟಿಯಲ್ಲಿ ಅದು ಗಳಿಕೆಯ ಕಾಲಂನಲ್ಲಿ "ಇತರ ಭತ್ಯೆ 2,405" ಎಂದು ಕೂತಿತ್ತು. ಈ ಸಲ ಫೋಟೋ ಚೆನ್ನಾಗಿತ್ತು. ಬೆಳಕಿನಲ್ಲಿ ಚೀಟಿಯನ್ನು ನೆಲಕ್ಕೆ ಹಾಸಿ, ನಾಲ್ಕು ಮೂಲೆಯೂ ಕಾಣುವಂತೆ ತೆಗೆದಿದ್ದಳು, ಖಾತೆ ಸಂಖ್ಯೆಯ ಮೇಲೆ ಬಸ್ ಟಿಕೆಟಿನ ಚೂರು ಇಟ್ಟಿದ್ದಳು. ಕೆಳಗೆ ಒಂದೇ ಸಾಲು: "ಕಾಕಾ, 16,545 ಬರಬೇಕಿತ್ತು, 16,526 ಬಂದಿದೆ. ಹತ್ತೊಂಬತ್ತು ರೂಪಾಯಿ ಯಾಕೆ ಕಡಿಮೆ?"

ಹಿಡಿದ ಹಣವನ್ನು ಮರಳಿಸುವಾಗ ಅದಕ್ಕೆ ಭತ್ಯೆ ಎಂದು ಹೆಸರಿಟ್ಟಿದ್ದರಿಂದ ಸಾಫ್ಟ್‌ವೇರ್ ಅದನ್ನೂ ಗಳಿಕೆಯೆಂದು ತಿಳಿದು 18,405ರ ಮೇಲೆ ಇಎಸ್‌ಐ ಹಾಕಿತ್ತು. ಶೇ. 0.75ರಂತೆ 138 ರೂಪಾಯಿ 4 ಪೈಸೆ; ಇಎಸ್‌ಐಯಲ್ಲಿ ಪೈಸೆ ಇದ್ದರೆ ಮುಂದಿನ ರೂಪಾಯಿಗೆ ಏರಿಸುತ್ತಾರೆ, ಹಾಗಾಗಿ 139. ಪ್ರತಿ ತಿಂಗಳ 120ಕ್ಕಿಂತ 19 ಹೆಚ್ಚು. ಇಷ್ಟನ್ನು ಬರೆದು, ಇದಕ್ಕೂ ಅರ್ಜಿ ಹಾಕುತ್ತೀಯಾ ಎಂದು ಕೇಳಿದೆ. "ಬೇಡ ಕಾಕಾ, ಯಾಕೆಂದು ಗೊತ್ತಾಯಿತಲ್ಲ" ಎಂದಳು.