ಖಾಲಿ ರಸ್ತೆಯಲ್ಲಿ ಎದುರಾದವರಿಗೆ ತಲೆಬಾಗಿಸುವುದು: ಹೊಸಬರಿಗೆ ಮಾರ್ಗದರ್ಶಿ

ಹೊಸ ದೇಶಕ್ಕೆ ಬಂದ ಮೊದಲ ವಾರಗಳಲ್ಲಿ ವಾಕಿಂಗ್ ಹೋದವರಿಗೆ ಒಂದು ಗೊಂದಲ ಕಾಡುತ್ತದೆ. ಮರಗಳ ನಡುವಿನ ರಸ್ತೆ, ಹೊಳೆ ದಂಡೆಯ ದಾರಿ, ಹತ್ತು ನಿಮಿಷಕ್ಕೊಬ್ಬರು ಸಿಗುವ ಜಾಗ. ಎದುರಿಂದ ಬಂದ ಅಪರಿಚಿತರು ಸಣ್ಣಗೆ ತಲೆಬಾಗಿಸಿ ಮುಂದೆ ಹೋಗುತ್ತಾರೆ. ನಮ್ಮನ್ನು ಬೇರೆ ಯಾರೋ ಅಂದುಕೊಂಡರೇ, ಏನಾದರೂ ಕೇಳಬೇಕಿತ್ತೇ ಎಂದು ನಾವು ಯೋಚಿಸುವಷ್ಟರಲ್ಲಿ ಅವರು ದಾಟಿ ಹೋಗಿರುತ್ತಾರೆ. ಅವರಿಗೆ ಏನೂ ಬೇಕಿರಲಿಲ್ಲ. ನೀವು ಕಂಡಿರಿ ಎಂದು ತಿಳಿಸಿದರು, ಅಷ್ಟೆ. ನೀವೂ ಹಾಗೇ ಮಾಡಿದರೆ ಸಾಕು.

ಇದು ಎಲ್ಲ ರಸ್ತೆಗೂ ಹೊಂದುವ ರೂಢಿಯಲ್ಲ. ಒಂದೇ ನೋಟಕ್ಕೆ ನಾಲ್ಕೈದು ಜನ ಕಾಣುವ ಕಡೆ ಯಾರೂ ಯಾರಿಗೂ ತಲೆಬಾಗಿಸುವುದಿಲ್ಲ. ಅಲ್ಲಿ ಸುಮ್ಮನಿರುವುದೇ ಸೌಜನ್ಯ. ಎರಡು ಮೂರು ನಿಮಿಷಕ್ಕೊಬ್ಬರು ಮಾತ್ರ ಸಿಗುವಷ್ಟು ದಾರಿ ತೆರವಾದಾಗ ಈ ವಂದನೆ ಶುರುವಾಗುತ್ತದೆ. ಊರಿನಿಂದ ಹೊರಗೆ ಹೋದಷ್ಟೂ ಹೆಚ್ಚುತ್ತದೆ. ದೇಶದಿಂದ ದೇಶಕ್ಕೂ ವ್ಯತ್ಯಾಸ ಇರುತ್ತದೆ. ಹಾಗಾಗಿ ಮೊದಲ ಕೆಲವು ದಿನ ಅಲ್ಲಿಯವರು ತಮ್ಮತಮ್ಮಲ್ಲಿ ಏನು ಮಾಡುತ್ತಾರೆಂದು ನೋಡಿಕೊಳ್ಳುವುದು ಒಳ್ಳೆಯದು.

ಹೊಸಬರು ಎಡವುವುದು ಹೆಚ್ಚಾಗಿ ಹೊತ್ತಿನ ವಿಷಯದಲ್ಲಿ. ಒಂದು ಲೆಕ್ಕ ಹಾಕಿ ನೋಡೋಣ. ಸಾಮಾನ್ಯ ನಡಿಗೆ ಗಂಟೆಗೆ ಸುಮಾರು 5 ಕಿಲೋಮೀಟರ್, ಅಂದರೆ ಸೆಕೆಂಡಿಗೆ 1.4 ಮೀಟರ್. ಎದುರುಬದುರು ನಡೆಯುವ ಇಬ್ಬರ ನಡುವಿನ ಅಂತರ ಸೆಕೆಂಡಿಗೆ 2.8 ಮೀಟರ್‌ನಂತೆ ಕರಗುತ್ತದೆ. ನೀವು 30 ಮೀಟರ್ ದೂರದಲ್ಲೇ ತಲೆಬಾಗಿಸಿದರೆ ಪಕ್ಕಕ್ಕೆ ಬರಲು ಇನ್ನೂ ಹತ್ತು ಹನ್ನೊಂದು ಸೆಕೆಂಡು ಬೇಕು. ವಂದನೆ ಮುಗಿದಿದೆ, ಮಾತು ಇಲ್ಲ, ಕಣ್ಣನ್ನು ಎಲ್ಲಿಡಬೇಕೆಂದು ಇಬ್ಬರಿಗೂ ತೋಚುವುದಿಲ್ಲ. ಅದೇ ಐದು ಮೀಟರ್‌ನಲ್ಲಿ ಮಾಡಿದರೆ ಎರಡು ಸೆಕೆಂಡಿನೊಳಗೆ ಇಬ್ಬರೂ ದಾಟಿರುತ್ತೀರಿ, ಮುಜುಗರಕ್ಕೆ ಎಡೆಯೇ ಇಲ್ಲ. ದೂರದಿಂದ ಒಮ್ಮೆ ನೋಡಿ, ದೃಷ್ಟಿಯನ್ನು ದಾರಿಯ ಕಡೆಗೋ ಮರಗಳ ಕಡೆಗೋ ತಿರುಗಿಸಿ ನಡೆಯಿರಿ. ಐದಾರು ಹೆಜ್ಜೆ ಉಳಿದಾಗ ಮತ್ತೆ ಮುಖ ನೋಡಿ, ಗಲ್ಲವನ್ನು ಒಂದಿಷ್ಟು ಕೆಳಗಿಳಿಸಿ ಮೇಲೆತ್ತಿ. ನಡಿಗೆಯ ವೇಗ ಬದಲಾಗಬಾರದು. ವೇಗ ತಗ್ಗಿದರೆ ಏನೋ ಕೇಳಲು ನಿಲ್ಲುತ್ತಿದ್ದೀರಿ ಅನ್ನಿಸುತ್ತದೆ.

ತಲೆ ಮೇಲಿಂದ ಕೆಳಕ್ಕೆ ಚಲಿಸಬೇಕು ಅನ್ನುವುದನ್ನು ಮರೆಯಬೇಡಿ. ಎಡಕ್ಕೂ ಬಲಕ್ಕೂ ವಾಲಿಸುವ ನಮ್ಮ ರೂಢಿ ಹಲವರಿಗೆ ಅರ್ಥವಾಗುವುದಿಲ್ಲ, ಕೆಲವರಿಗೆ ‘ಬೇಡ’ ಎಂದಂತೆಯೂ ಕಾಣುತ್ತದೆ. ಕೈ ಮುಗಿಯುವುದು ಆ ಗಳಿಗೆಗೆ ಭಾರವಾಯಿತು, ಎದುರಿನವರು ನಿಂತುಬಿಡುತ್ತಾರೆ. ನಗು ಬಂದರೆ ಬರಲಿ, ಬಾರದಿದ್ದರೂ ಕೊರತೆಯಿಲ್ಲ.

ಸೈಕಲ್ ಬಂದಾಗ ಲೆಕ್ಕ ಬದಲಾಗುತ್ತದೆ. ಗಂಟೆಗೆ 20 ಕಿಲೋಮೀಟರ್ ವೇಗದ ಸವಾರರು ಮತ್ತು ನಡೆಯುವ ನೀವು ಸೆಕೆಂಡಿಗೆ 7 ಮೀಟರ್‌ನಂತೆ ಹತ್ತಿರವಾಗುತ್ತೀರಿ. ಐದು ಮೀಟರ್‌ವರೆಗೆ ಕಾದರೆ ಅವರಿಗೆ ಅದು ಕಾಣುವುದೇ ಇಲ್ಲ. ಅದಕ್ಕೇ ಹದಿನೈದು ಇಪ್ಪತ್ತು ಮೀಟರ್ ಇರುವಾಗಲೇ, ಸ್ವಲ್ಪ ದೊಡ್ಡದಾಗಿ ತಲೆಬಾಗಿಸಿ. ಇಲ್ಲಿ ವಂದನೆಗೆ ಇನ್ನೊಂದು ಉಪಯೋಗವಿದೆ: ನೀವು ಅವರನ್ನು ನೋಡಿದ್ದೀರಿ, ತಟ್ಟನೆ ಅಡ್ಡ ಬರುವುದಿಲ್ಲ ಎಂದು ಅವರಿಗೆ ತಿಳಿಯುತ್ತದೆ. ಪಾದಚಾರಿ ದಾರಿ ಇಲ್ಲದ ರಸ್ತೆಯಲ್ಲಿ ವಾಹನಗಳಿಗೆ ಎದುರಾಗಿ ನಡೆಯಿರಿ ಎಂದು ಅನೇಕ ದೇಶಗಳಲ್ಲಿ ಹೇಳುತ್ತಾರೆ. ಹಾಗೆ ನಡೆದರೆ ನಿಮ್ಮ ಬದಿಗೆ ಬರುವ ಸವಾರರ ಮುಖವೂ ನಿಮಗೆ ಕಾಣುತ್ತದೆ.

ಸೈಕಲ್ ಮೇಲೆ ಇರುವವರು ನೀವಾದರೆ ಕೈ ಬೀಸಲು ಹೋಗಬೇಡಿ. ಅಂಗೈ ಹ್ಯಾಂಡಲ್ ಮೇಲೆ ಇದ್ದ ಹಾಗೇ ತೋರುಬೆರಳು, ನಡುಬೆರಳು ಎರಡನ್ನು ಮೇಲೆತ್ತಿದರೆ ಸಾಕು. ಹ್ಯಾಂಡಲ್‌ನಿಂದ ಕೈ ಪೂರ್ತಿ ಬಿಟ್ಟಾಗ ಒಂದು ಗುಂಡಿಯೋ ಅಡ್ಡಗಾಳಿಯೋ ಸಿಕ್ಕರೆ ಮುಂದಿನ ಚಕ್ರ ಹೊರಳುತ್ತದೆ. ಇನ್ನೊಂದು ಅಪಾಯವೂ ಇದೆ. ಮುಂದಿನ ಬ್ರೇಕ್ ಕೆಲವು ದೇಶಗಳಲ್ಲಿ ಬಲಗೈಗೆ, ಹಲವು ದೇಶಗಳಲ್ಲಿ ಎಡಗೈಗೆ ಇರುತ್ತದೆ. ಅಭ್ಯಾಸವಿಲ್ಲದ ಸೈಕಲ್ಲಿನಲ್ಲಿ ಒಂದೇ ಕೈಯಿಂದ ಗಾಬರಿಯಲ್ಲಿ ಒತ್ತಿದ್ದು ಮುಂದಿನ ಬ್ರೇಕ್ ಆಗಿಬಿಟ್ಟರೆ ಸವಾರರು ಮುಂದಕ್ಕೆ ಬೀಳಬಹುದು. ಇಳಿಜಾರು, ತಿರುವು, ಜಲ್ಲಿ ಇರುವಲ್ಲಿ ಬೆರಳೂ ಎತ್ತುವುದು ಬೇಡ, ಗಲ್ಲ ಇಳಿಸಿದರೆ ಸಾಕು. ಹೆಲ್ಮೆಟ್ಟಿನ ಮುಂಚಾಚು ಸಣ್ಣ ಚಲನೆಯನ್ನು ಮರೆಮಾಡುವುದರಿಂದ ಸ್ವಲ್ಪ ಎದ್ದು ಕಾಣುವಂತೆ ಇಳಿಸಿ. ಕಪ್ಪು ಕನ್ನಡಕ ಹಾಕಿದ್ದರೂ ಹಾಗೇ, ನಿಮ್ಮ ಕಣ್ಣು ಅವರಿಗೆ ಕಾಣುತ್ತಿಲ್ಲ.

ಹಿಂದಿನಿಂದ ಬಂದು ದಾಟುವಾಗ ಈ ಕ್ರಮ ನಡೆಯುವುದಿಲ್ಲ. ಇಪ್ಪತ್ತು ಮೂವತ್ತು ಮೀಟರ್ ದೂರದಲ್ಲೇ ಒಮ್ಮೆ ಬೆಲ್ ಒತ್ತಿ, ವೇಗ ತಗ್ಗಿಸಿ, ದಾಟುವಾಗ ಧನ್ಯವಾದ ಹೇಳಿ. ಬೆನ್ನ ಹಿಂದೆಯೇ ಬೆಲ್ ಬಾರಿಸಿದರೆ ಜನ ಬೆಚ್ಚಿ ಯಾವ ಕಡೆಗಾದರೂ ಸರಿಯುತ್ತಾರೆ.

ಇಷ್ಟು ಚಿಕ್ಕದು ಯಾಕೆ ಹಿತ ಕೊಡುತ್ತದೆ? ಸಮಾಜಶಾಸ್ತ್ರಜ್ಞ ಇರ್ವಿಂಗ್ ಗಾಫ್‌ಮನ್ 1963ರಲ್ಲಿ ಗುರುತಿಸಿದ್ದು ಇದು: ಅಪರಿಚಿತರು ಎದುರಾದಾಗ ಒಮ್ಮೆ ನೋಡಿ, ಹತ್ತಿರ ಬಂದಂತೆ ದೃಷ್ಟಿ ಇಳಿಸಿಕೊಳ್ಳುತ್ತಾರೆ. ‘ನೀವು ಇದ್ದೀರೆಂದು ಗೊತ್ತು, ನಿಮ್ಮ ಗೊಡವೆಗೆ ಬರುವುದಿಲ್ಲ’ ಎನ್ನುವ ಒಪ್ಪಂದ ಅದು. ಜನಸಂದಣಿಯಲ್ಲಿ ಅದು ನೆಮ್ಮದಿ. ಇಬ್ಬರೇ ಇರುವ ರಸ್ತೆಯಲ್ಲಿ ಅದೇ ಮೌನ ಕಡೆಗಣಿಸಿದಂತೆ ಚುಚ್ಚುತ್ತದೆ. ಎರಿಕ್ ವೆಸೆಲ್‌ಮನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ಪರೀಕ್ಷಿಸಿತು. ವಿಶ್ವವಿದ್ಯಾಲಯದ ಆವರಣದಲ್ಲಿ ನಡೆಯುತ್ತಿದ್ದವರಲ್ಲಿ ಕೆಲವರ ಕಣ್ಣು ನೋಡಿದರು, ಕೆಲವರಿಗೆ ನಗುವನ್ನೂ ಸೇರಿಸಿದರು, ಇನ್ನು ಕೆಲವರನ್ನು ಅಲ್ಲಿ ಯಾರೂ ಇಲ್ಲವೇನೋ ಎಂಬಂತೆ ನೋಡಿ ದಾಟಿದರು. ಕೂಡಲೇ ಕೇಳಿದಾಗ, ಇಲ್ಲದವರಂತೆ ಕಂಡವರಲ್ಲಿ ಬೇರೆಯವರಿಂದ ದೂರವಾದ ಭಾವ ಹೆಚ್ಚಿತ್ತು. ಬಂದು ತಿಂಗಳೂ ಆಗದವರಿಗೆ ಆ ಭಾವ ದಿನಕ್ಕೆ ಎಷ್ಟೋ ಸಲ ಬರುವುದುಂಟು. ಅದಕ್ಕೇ ಬಂದ ಹೊಸತರಲ್ಲಿ ಈ ವಂದನೆಗಳು ಇನ್ನಷ್ಟು ಬೆಲೆಬಾಳುತ್ತವೆ ಎನ್ನುವುದು ನಮ್ಮ ಅನಿಸಿಕೆ. ಭಾಷೆ ಬರಬೇಕಿಲ್ಲ, ಉಚ್ಚಾರ ತಪ್ಪುವ ಹೆದರಿಕೆಯಿಲ್ಲ, ಮಾತು ಬೆಳೆಸುವ ಹೊಣೆಯೂ ಇಲ್ಲ.

ಮರುವಂದನೆ ಬಾರದಿದ್ದಾಗ ಮನಸ್ಸಿಗೆ ಹಚ್ಚಿಕೊಳ್ಳುವ ಮುನ್ನ ಸೂರ್ಯ ಎಲ್ಲಿದ್ದಾನೆಂದು ನೋಡಿ. ಬೆಳಗ್ಗೆ, ಸಂಜೆ ಬಿಸಿಲು ನಿಮ್ಮ ಬೆನ್ನ ಹಿಂದಿದ್ದರೆ ನಿಮ್ಮ ಮುಖ ಅವರಿಗೆ ಬರೀ ನೆರಳು. ಏರು ಹತ್ತುತ್ತಿರುವ ಸವಾರರಿಗೆ ಉಸಿರೇ ಸಾಲದು, ಇಯರ್‌ಫೋನ್ ಹಾಕಿದವರು ಎಲ್ಲೋ ಇರುತ್ತಾರೆ. ಅದೇ ವ್ಯಕ್ತಿ ನಾಳೆ ತಾನಾಗಿಯೇ ತಲೆಬಾಗಿಸಬಹುದು. ಗುಂಪು ಬಂದರೆ ಎಲ್ಲರಿಗೂ ಸೇರಿ ಒಂದೇ ವಂದನೆ. ಹೋಗಿ ಹಿಂದಿರುಗುವಾಗ ಮತ್ತೆ ಅವರೇ ಸಿಕ್ಕರೆ ಒಂದು ಕಿರುನಗೆ. ಮಕ್ಕಳಿದ್ದರೆ ಜೊತೆಗಿರುವ ದೊಡ್ಡವರಿಗೆ.

ಒಂಟಿಯಾಗಿ ನಡೆಯುವ ಮಹಿಳೆ ಎದುರಾದಾಗ, ಅದರಲ್ಲೂ ಮುಸ್ಸಂಜೆಯಲ್ಲಿ, ಗಂಡಸರು ಇನ್ನೊಂದು ಬದಿಗೆ ಸರಿದು ಅಂತರ ಕೊಡಬೇಕು. ವಂದನೆ ಚಿಕ್ಕದಿರಲಿ, ಅವರು ಬೇರೆ ಕಡೆ ನೋಡುತ್ತಿದ್ದರೆ ಅದೂ ಬೇಡ. ದಾಟಿದ ಮೇಲೆ ತಿರುಗಿ ನೋಡಲೇಬಾರದು.

ಕತ್ತಲಾದ ಮೇಲೆ ತಲೆಬಾಗಿಸಿದ್ದು ಕಾಣುವುದಿಲ್ಲ, ಮೆಲುದನಿಯ ಒಂದು ‘ಹಲೋ’ ಆ ಕೆಲಸ ಮಾಡುತ್ತದೆ. ಹಣೆಗೆ ದೀಪ ಕಟ್ಟಿಕೊಂಡವರು ಎದುರಿನವರತ್ತ ಮುಖ ಮಾಡಿದರೆ ಬೆಳಕು ನೇರ ಅವರ ಕಣ್ಣಿಗೇ ಹೊಡೆಯುತ್ತದೆ. ಹತ್ತು ಹೆಜ್ಜೆ ಮೊದಲೇ ದೀಪವನ್ನು ನೆಲದ ಕಡೆಗೆ ಬಾಗಿಸಿ ಅಥವಾ ಅಂಗೈ ಅಡ್ಡ ಹಿಡಿದು, ಆಮೇಲೆ ‘ಹಲೋ’ ಹೇಳಿ.