ಆರು ಮಿಲಿಮೀಟರ್ ಗಂಟು ಮತ್ತು ಹಳೇ ಸಿಡಿಗಳು

ನಾನು ರೇಡಿಯಾಲಜಿಸ್ಟ್. ಬೇರೆ ಯಾವುದಕ್ಕೋ ಮಾಡಿಸಿದ ಸಿಟಿ ಸ್ಕ್ಯಾನ್‌ನಲ್ಲಿ ಶ್ವಾಸಕೋಶದ ನೋಡ್ಯೂಲ್, ಅಂದರೆ ಸಣ್ಣ ಗಂಟು, ಕಣ್ಣಿಗೆ ಬೀಳುವುದು ನಮಗೇನು ಹೊಸದಲ್ಲ. ಆಮೇಲಿನ ಸ್ಕ್ಯಾನ್‌ಗಳನ್ನು ಓದುವಾಗ ನಾನೊಂದು ಹಟ ಹಿಡಿದಿದ್ದೇನೆ: ಹಿಂದಿನ ರಿಪೋರ್ಟಿನ ಅಂಕಿಯನ್ನು ನಂಬುವುದಿಲ್ಲ. ರೋಗಿಯ ಎಲ್ಲ ಸ್ಕ್ಯಾನ್‌ಗಳನ್ನೂ ಒಟ್ಟಿಗೆ ತೆರೆದು, ಒಂದೇ ಕೂತಲ್ಲಿ ನಾನೇ ಅಳೆಯುತ್ತೇನೆ, ತೀರಾ ಹಳೆಯದರಿಂದ ಶುರುಮಾಡಿ. "ಒಂದು ಮಿಲಿಮೀಟರಿಗೆ ಇಷ್ಟು ತಲೆ ಕೆಡಿಸ್ಕೋತೀರಲ್ಲ ಡಾಕ್ಟ್ರೇ" ಎಂದು ನಕ್ಕವರು ಕಡಿಮೆಯಿಲ್ಲ. ಹಳೇ ಸಿಡಿ ತೆರೆದು ನೋಡಿದ್ದಕ್ಕೆ ಯಾರೂ ಚಿಕ್ಕಾಸು ಕೊಡುವುದಿಲ್ಲ, ಅದೂ ನಿಜ. ಒಂದು ಕೇಸಿಗೆ ಇಪ್ಪತ್ತು ನಿಮಿಷ ಹೆಚ್ಚು ಹಿಡಿಯುತ್ತದೆ. ಅಷ್ಟರಲ್ಲಿ ಪಕ್ಕದ ಕುರ್ಚಿಯವರು ಇನ್ನೆರಡು ರಿಪೋರ್ಟ್ ಮುಗಿಸಿರುತ್ತಾರೆ.

ಈ ಹಟ ಬಂದಿದ್ದು ನನ್ನದೇ ಒಂದು ಎಡವಟ್ಟಿನಿಂದ. ಬಹಳ ವರ್ಷಗಳ ಹಿಂದೆ ಒಬ್ಬ ಮಹಿಳೆಯ ಗಂಟು ಹಳೇ ರಿಪೋರ್ಟಿನಲ್ಲಿ 5 ಮಿ.ಮೀ., ನಾನು ಅಳೆದಾಗ 7. "ಬೆಳೆದಿದೆ" ಎಂದು ಬರೆದೆ. ಅವರು ಸಾಲ ಮಾಡಿ, ಗಂಟು ಕ್ಯಾನ್ಸರಿನಂತೆ ಚುರುಕಾಗಿದೆಯೇ ಎಂದು ತೋರಿಸುವ ಪೆಟ್ ಸ್ಕ್ಯಾನ್ ಮಾಡಿಸಿದರು. ಅದರಲ್ಲಿ ಏನೂ ಕಾಣಲಿಲ್ಲ. ಕಾಣದಿದ್ದರೂ ನೆಮ್ಮದಿಯಿಲ್ಲ, ಯಾಕೆಂದರೆ 8 ಮಿ.ಮೀ.ಗಿಂತ ಚಿಕ್ಕ ಗಂಟಿನಲ್ಲಿ ಪೆಟ್ ಏನೂ ಹೇಳದಿದ್ದರೆ ಅದನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಕೊನೆಗೆ ಹಳೇ ಸಿಡಿ ತರಿಸಿ ನೋಡಿದರೆ ಆ ಸ್ಕ್ಯಾನಿನ ಸ್ಲೈಸ್, ಅಂದರೆ ಚಿತ್ರದ ಒಂದೊಂದು ಹೋಳು, 5 ಮಿ.ಮೀ. ದಪ್ಪದ್ದು, ನನ್ನದು 1 ಮಿ.ಮೀ. ದಪ್ಪದ್ದು. ದಪ್ಪ ಸ್ಲೈಸ್‌ನಲ್ಲಿ ಗಂಟಿನ ಜೊತೆಗೆ ಸುತ್ತಲ ಗಾಳಿಯೂ ಸೇರಿ ಸರಾಸರಿ ಆಗಿಬಿಡುತ್ತದೆ. ಗಂಟು ಮಸುಕಾಗುತ್ತದೆ, ಅಂಚು ಎಲ್ಲಿ ಮುಗಿಯಿತು ಎಂಬುದು ಅಳೆಯುವವನ ಊಹೆಗೆ ಬಿಟ್ಟದ್ದು. ಅದೇ ಸಿಡಿಯಲ್ಲಿ ತೆಳು ಸ್ಲೈಸ್‌ಗಳೂ ಇದ್ದವು, ಯಾರೂ ತೆರೆದಿರಲಿಲ್ಲ. ಅವುಗಳಲ್ಲಿ ಅಳೆದರೆ ಆಗಲೂ 7. ಗಂಟು ಒಂದಿಷ್ಟೂ ಅಲುಗಿರಲಿಲ್ಲ. ಆ ಪೆಟ್ ಸ್ಕ್ಯಾನಿನ ದುಡ್ಡು ನನ್ನ ತಲೆಯ ಮೇಲೇ ಕೂತಿದೆ.

ಹಟ ಫಲ ಕೊಟ್ಟ ಕೇಸಿಗೆ ಬರುತ್ತೇನೆ. ಅರವತ್ತರ ಆಸುಪಾಸಿನ ವ್ಯಕ್ತಿ, ಸಿಗರೇಟು ಬಿಟ್ಟು ಕೆಲವು ವರ್ಷವಾಗಿತ್ತು. ಮೆಟ್ಟಿಲಲ್ಲಿ ಜಾರಿ ಬಿದ್ದಾಗ ಪಕ್ಕೆಲುಬು ಮುರಿದಿದೆಯೇ ಎಂದು ನೋಡಲು ಎದೆಯ ಸಿಟಿ ಮಾಡಿಸಿದ್ದರು. ಪಕ್ಕೆಲುಬು ಸರಿಯಾಗಿತ್ತು. ಬಲ ಶ್ವಾಸಕೋಶದ ಮೇಲಿನ ಹಾಲೆಯಲ್ಲಿ 6 ಮಿ.ಮೀ. ಗಟ್ಟಿ ಗಂಟು, ಅಂಚು ನಯ. ಎದೆಯ ಸ್ಕ್ಯಾನ್ ತಜ್ಞರ ಸಂಘವಾದ ಫ್ಲೈಶ್ನರ್ ಸೊಸೈಟಿಯ 2017ರ ಮಾರ್ಗಸೂಚಿಯ ಪ್ರಕಾರ 6ರಿಂದ 8 ಮಿ.ಮೀ. ಗಟ್ಟಿ ಗಂಟಿಗೆ 6–12 ತಿಂಗಳಲ್ಲಿ ಒಂದು ಸ್ಕ್ಯಾನ್, ಅಪಾಯ ಹೆಚ್ಚಿರುವವರಿಗೆ 18–24 ತಿಂಗಳಲ್ಲಿ ಇನ್ನೊಂದು. ಸಿಗರೇಟು, ಮೇಲಿನ ಹಾಲೆ ಎರಡೂ ಇದ್ದದ್ದರಿಂದ ಇವರು ಆ ಸಾಲಿಗೆ ಬರುತ್ತಾರೆ.

ಮನೆಯವರು "ಮುಂದಿನ ತಿಂಗಳೇ ಮಾಡಿಸಿಬಿಡೋಣ" ಎಂದಿದ್ದರಂತೆ. ಎಲ್ಲರೂ ಕೇಳುವುದು ಇದನ್ನೇ, ಮತ್ತು ಅದು ಬರೀ ದುಡ್ಡು ದಂಡ. ಗಂಟು ಕ್ಯಾನ್ಸರೇ ಆಗಿದ್ದು, 300 ದಿನಕ್ಕೊಮ್ಮೆ ಅದರ ಘನಗಾತ್ರ ಇಮ್ಮಡಿಸುತ್ತದೆ ಎಂದಿಟ್ಟುಕೊಳ್ಳಿ. ಒಂದು ತಿಂಗಳಲ್ಲಿ 6 ಮಿ.ಮೀ. ಅಗಲಕ್ಕೆ ಹೆಚ್ಚೆಂದರೆ 0.15 ಮಿ.ಮೀ. ಕೂಡುತ್ತದೆ, ಒಂದೆರಡು ಕೂದಲೆಳೆಯಷ್ಟು. ಚಿತ್ರದ ಒಂದು ಪಿಕ್ಸೆಲ್ಲೇ ಅದರ ನಾಲ್ಕೈದು ಪಟ್ಟು ಇರುತ್ತದೆ. ಕಾಣುವುದೆಲ್ಲಿಂದ ಬಂತು? ಬೆಳೆಯುವುದಾದರೆ ಅಳತೆಗೆ ಸಿಗುವಷ್ಟು ಬೆಳೆಯಲಿ, ಆದರೆ ಕೈಮೀರದಿರಲಿ ಎಂದೇ ಆ 6–12 ತಿಂಗಳು.

ಆರು ತಿಂಗಳಿಗೆ ಎರಡನೇ ಸ್ಕ್ಯಾನ್ ಬೇರೆಡೆ ಆಯಿತು. ರಿಪೋರ್ಟ್: 7 ಮಿ.ಮೀ., ಗಮನಾರ್ಹ ಬದಲಾವಣೆ ಇಲ್ಲ. ತಪ್ಪೇನಿಲ್ಲ, 2 ಮಿ.ಮೀ. ಬದಲಾಗದೆ ಬೆಳವಣಿಗೆ ಎನ್ನಬಾರದು ಎಂಬುದು ನಿಯಮ. ಇನ್ನೊಂಬತ್ತು ತಿಂಗಳಿಗೆ ಮೂರನೆಯದು ನನ್ನ ಮೇಜಿಗೆ ಬಂತು, ಜೊತೆಗೆ ಎರಡನೆಯದರ ರಿಪೋರ್ಟ್ ಮಾತ್ರ. ಅಳೆದರೆ ಉದ್ದ 9, ಅಡ್ಡ 7, ಸರಾಸರಿ 8. ಹಿಂದಿನದು 7. ಒಂದೇ ಮಿಲಿಮೀಟರ್. "ಬದಲಾವಣೆ ಇಲ್ಲ" ಎಂದು ಬರೆದು ಸಹಿ ಹಾಕಿದ್ದರೆ ಯಾರೂ ನನ್ನನ್ನು ಕೇಳುತ್ತಿರಲಿಲ್ಲ.

ನಾನು ಫೋನ್ ಮಾಡಿಸಿ ಹಳೇ ಸಿಡಿಗಳೆರಡನ್ನೂ ತರಿಸಿದೆ. ಮನೆಯವರಿಗೆ ಸಿಟ್ಟು ಬಂದಿತ್ತು, ಎರಡು ದಿನ ಹುಡುಕಿದರು. ಮೂರನ್ನೂ ತೆಳು ಸ್ಲೈಸ್‌ನಲ್ಲಿ, ಶ್ವಾಸಕೋಶ ಸ್ಪಷ್ಟವಾಗಿ ಕಾಣುವ ಹೊಂದಿಕೆಯಾದ ಲಂಗ್ ವಿಂಡೋದಲ್ಲಿ ಸಾಲಾಗಿಟ್ಟೆ. ಉಸಿರು ಎಷ್ಟು ಎಳೆದುಕೊಂಡಿದ್ದಾರೆ ಎಂಬುದರ ಮೇಲೆ ಗಂಟಿನ ಜಾಗ ಜಾರುತ್ತದೆ, ಹಾಗಾಗಿ ಸ್ಲೈಸ್ ನಂಬರ್ ನಂಬಿ ಕೂರುವ ಹಾಗಿಲ್ಲ. ಪಕ್ಕದ ರಕ್ತನಾಳ ಎಲ್ಲಿ ಕವಲೊಡೆಯುತ್ತದೋ ಅದನ್ನೇ ಗುರುತು ಮಾಡಿಕೊಂಡು ಮೂರರಲ್ಲೂ ಅದೇ ಮಟ್ಟಕ್ಕೆ ಬಂದೆ. (ಅಂಚು ಗುರುತಿಸಲು ನನ್ನದೊಂದು ವಿಂಡೋ ಸೆಟ್ಟಿಂಗ್ ಇದೆ, ಅದನ್ನಿಲ್ಲಿ ಬರೆಯುವುದಿಲ್ಲ. ನನ್ನ ಹತ್ತಿರ ಕಲಿಯಲು ಬಂದವರಿಗಷ್ಟೇ.)

ಮೊದಲನೆಯದು 7 ಮತ್ತು 5, ಸರಾಸರಿ 6. ಎರಡನೆಯದು 8 ಮತ್ತು 6, ಸರಾಸರಿ 7. ಮೂರನೆಯದು 8. ಅಕ್ಕಪಕ್ಕದವು ಒಂದೊಂದೇ ಮಿಲಿಮೀಟರ್, ಆದರೆ ಮೊದಲಿನಿಂದ ಕೊನೆಗೆ ಎರಡು. ಗಂಟನ್ನು ಗೋಳವೆಂದು ಲೆಕ್ಕ ಹಾಕಿದರೆ ಗಾತ್ರ ಸುಮಾರು 113 ಘನ ಮಿ.ಮೀ.ನಿಂದ 268ಕ್ಕೆ ಏರಿತ್ತು, ಎರಡು ಪಟ್ಟಿಗೂ ಹೆಚ್ಚು, ಅದೂ ಹದಿನೈದು ತಿಂಗಳಲ್ಲಿ. ಇಮ್ಮಡಿಸಲು ಹೆಚ್ಚುಕಡಿಮೆ ಒಂದು ವರ್ಷ. ಗಟ್ಟಿ ಗಂಟಿನ ಕ್ಯಾನ್ಸರ್ ಸಾಮಾನ್ಯವಾಗಿ ಬೆಳೆಯುವ 100–400 ದಿನಗಳ ಒಳಗೇ ಇದೂ ಬಿತ್ತು. ಸಾಮಾನ್ಯ ಸೋಂಕಾಗಿದ್ದರೆ ಹೆಚ್ಚಾಗಿ ವಾರಗಳಲ್ಲೇ ಉಬ್ಬಬೇಕಿತ್ತು ಅಥವಾ ಕರಗಬೇಕಿತ್ತು.

ಅಂಚಿನ ಕಥೆ ಇನ್ನೂ ಚೆನ್ನಾಗಿತ್ತು. ಮೂರನೆಯದರಲ್ಲಿ ಗಂಟಿನ ಹೊರಮೈಯಿಂದ ಮೂರ್ನಾಲ್ಕು ಸಣ್ಣ ಮುಳ್ಳುಗೆರೆಗಳು ಸುತ್ತಲ ಶ್ವಾಸಕೋಶಕ್ಕೆ ಚಾಚಿದ್ದವು. "ನಯ" ಎಂದು ಬರೆದಿದ್ದ ಮೊದಲ ಸ್ಕ್ಯಾನಿನ ತೆಳು ಸ್ಲೈಸ್ ನೋಡಿದರೆ ಅಲ್ಲೂ ಒಂದು ಗೆರೆ ಇಣುಕುತ್ತಿತ್ತು. ದಪ್ಪ ಸ್ಲೈಸ್ ಮುಳ್ಳನ್ನು ಒರೆಸಿಬಿಟ್ಟಿತ್ತು, ಅಷ್ಟೇ.

ಹಾಗೆಂದು ಮುಳ್ಳು ಕಂಡಾಗಲೆಲ್ಲ ಕ್ಯಾನ್ಸರ್ ಅಲ್ಲ. ಹಳೇ ಗಾಯದ ಕಲೆಗೂ ಮುಳ್ಳಿರುತ್ತದೆ. ಇನ್ನೊಂದು ಜಾತಿಯದು ಹಾಲೆಗಳ ನಡುವಿನ ಪದರಕ್ಕೆ ಅಂಟಿಕೊಂಡ, ತ್ರಿಕೋನಾಕಾರದ, ನುಣ್ಣನೆಯ ಚಿಕ್ಕ ಗಂಟು. ಅದು ಬಹುತೇಕ ಶ್ವಾಸಕೋಶದೊಳಗಿನ ದುಗ್ಧರಸ ಗ್ರಂಥಿ, ಅಂದರೆ ಲಿಂಫ್ ನೋಡ್. 6 ದಾಟಿದ್ದರೂ ಅದಕ್ಕೆ ಮತ್ತೆ ಸ್ಕ್ಯಾನ್ ಬೇಡ ಎಂದು ನಾನು ಬರೆದುಬಿಡುತ್ತೇನೆ.

ನಡುವೆ ಒಂದು ಹುಚ್ಚಾಟವನ್ನೂ ಆಡಿದ್ದೆ. ಒಂದೇ ಸ್ಕ್ಯಾನಿನ ಒಂದೇ ಗಂಟನ್ನು, ಹಿಂದಿನ ಅಂಕಿ ಮುಚ್ಚಿಟ್ಟು, ಹತ್ತು ದಿನ ಬಿಟ್ಟುಬಿಟ್ಟು ಅಳೆದೆ. ನನ್ನದೇ ಕೈ, ನನ್ನದೇ ಕಣ್ಣು, ಒಂದೂವರೆ ಮಿ.ಮೀ. ಹತ್ತಿರ ವ್ಯತ್ಯಾಸ! ಬೆಳಗಿನ ಅಳತೆಗಳು ಸಂಜೆಯವಕ್ಕಿಂತ ಚಿಕ್ಕವಿದ್ದವು, ಕಾರಣ ಗೊತ್ತಿಲ್ಲ. 2 ಮಿ.ಮೀ. ನಿಯಮದ ಮೇಲೆ ಭಕ್ತಿ ಬಂದದ್ದು ಆವತ್ತು. ಬೇರೆಬೇರೆ ದಿನ ಬೇರೆಬೇರೆಯವರು ಅಳೆದದ್ದನ್ನು ಹೋಲಿಸುವುದನ್ನು ಬಿಟ್ಟದ್ದೂ ಆವತ್ತೇ.

ಆ ವ್ಯಕ್ತಿಯ ರಿಪೋರ್ಟಿನಲ್ಲಿ "ಮೊದಲ ಸ್ಕ್ಯಾನಿಗೆ ಹೋಲಿಸಿದರೆ ಬೆಳೆದಿದೆ" ಎಂದು ಬರೆದಾಗ ಅವರನ್ನು ನೋಡುತ್ತಿದ್ದ ಡಾಕ್ಟರೇ ಫೋನ್ ಮಾಡಿ, "ಎರಡು ಸಲ ಸರಿಯಿದೆ ಅಂದ್ರಲ್ರೀ, ಈಗೇನು?" ಎಂದು ರೇಗಿದರು. ಮೂರೂ ಚಿತ್ರಗಳನ್ನು ಒಂದೇ ಪುಟಕ್ಕಿಟ್ಟು ಕಳಿಸಿದೆ. ಮತ್ತೆ ಫೋನ್ ಬರಲಿಲ್ಲ. ಶಸ್ತ್ರಚಿಕಿತ್ಸೆಯಾಯಿತು. ಅಡಿನೋಕಾರ್ಸಿನೋಮ ಎಂಬ ಬಗೆಯ ಕ್ಯಾನ್ಸರ್, ಚಿಕ್ಕದು, ದುಗ್ಧರಸ ಗ್ರಂಥಿಗಳಿಗೆ ಹಬ್ಬಿರಲಿಲ್ಲ.

ಅಂದು ನಕ್ಕಿದ್ದವರಲ್ಲಿ ಒಬ್ಬ ಸಹೋದ್ಯೋಗಿಯೂ ಈಗ ಅಪಾಯಿಂಟ್‌ಮೆಂಟ್ ಕೊಡುವಾಗಲೇ ಹಳೇ ಸಿಡಿಗಳನ್ನು ತರಲು ಹೇಳಿಸುತ್ತಾರೆ. ಆ ಇಪ್ಪತ್ತು ನಿಮಿಷಕ್ಕೆ ಮಾತ್ರ ಇನ್ನೂ ಯಾರೂ ದುಡ್ಡು ಕೊಟ್ಟಿಲ್ಲ.